‘ಆಯ್ಕೆ’ಗೆ ಲೆಕ್ಕ ಬರೆಸಿದ ನನ್ನ ಅನುಭವ

ಸ್ತ್ರೀವಾದ ಕುರಿತ ಕಾರ್ಯಾಗಾರಗಳನ್ನು ನಾನು ಹತ್ತು–ಹನ್ನೊಂದು ವರ್ಷಗಳಿಂದ ನಡೆಸುತ್ತಿದ್ದೇನೆ. ಸ್ತ್ರೀವಾದಿಗಳು ಗೃಹಿಣಿಯರನ್ನು ಕೀಳಾಗಿ ಕಾಣುತ್ತಾರೆ, ಎಲ್ಲ ಹೆಂಗಸರೂ ಉದ್ಯೋಗಕ್ಕೆ ಹೋಗಲೇಬೇಕೆನ್ನುತ್ತಾರೆ ಎಂಬ ಆಕ್ಷೇಪ ಬಾರದ ತಂಡವನ್ನು ನಾನಿನ್ನೂ ಕಂಡಿಲ್ಲ. ಮೊದಲ ಮೂರು ವರ್ಷ ಅದಕ್ಕೆ ಇತಿಹಾಸದಿಂದ ಉತ್ತರ ಕೊಟ್ಟೆ. ಮಹಿಳೆಯರಿಗೆ ಬೇಕಿರುವುದು ಪುರುಷರ ಮೇಲಿನ ಅಧಿಕಾರವಲ್ಲ, ತಮ್ಮ ಮೇಲಿನ ಅಧಿಕಾರ ಎಂದು ಇಂಗ್ಲೆಂಡಿನ ಲೇಖಕಿ ಮೇರಿ ವೊಲ್‌ಸ್ಟನ್‌ಕ್ರಾಫ್ಟ್ 1792ರಲ್ಲೇ ಬರೆದದ್ದನ್ನು ಕಿರುಪುಸ್ತಿಕೆಯಲ್ಲಿ ಅಚ್ಚು ಹಾಕಿಸಿ ಹಂಚಿದೆ. ಎರಡು ತಿಂಗಳ ಸಂಪಾದನೆ ಅದಕ್ಕೇ ಹೋಯಿತು; ಪುಸ್ತಿಕೆಗಳು ಕುರ್ಚಿಗಳ ಮೇಲೆಯೇ ಉಳಿದವು.

ಆಮೇಲೆ ಲೆಕ್ಕ ಬರೆಸತೊಡಗಿದೆ. ಇದು ಬಜೆಟ್ ತರಗತಿಯಾದೀತೆಂದು ಜೊತೆಗಾರರು ನಕ್ಕರು. ತಿಂಗಳಿಗೆ ತಲಾ ನೂರು ಪಾಲು ಸಂಬಳ ಪಡೆಯುವ ದಂಪತಿಯನ್ನು ಊಹಿಸಿಕೊಳ್ಳಲು ಹೇಳುತ್ತೇನೆ. ಮಗು ಹುಟ್ಟಿದ ಮೇಲೆ, ಇಬ್ಬರೂ ಒಪ್ಪಿ, ಹೆಂಡತಿ ಐದು ವರ್ಷ ಕೆಲಸ ಬಿಡುತ್ತಾಳೆ. ವರ್ಷಕ್ಕೆ ಶೇ. 8ರ ಏರಿಕೆಯಲ್ಲಿ ಗಂಡನ ಸಂಬಳ ನೂರ ನಲವತ್ತೇಳರ ಹತ್ತಿರ ಬರುತ್ತದೆ. ಹತ್ತರಲ್ಲೊಂದು ಪಾಲು ಉಳಿಸಿದರೂ ಅವನ ಹೆಸರಿನಲ್ಲಿ ಏಳು ನೂರರಷ್ಟು ಸೇರಿರುತ್ತದೆ. ಹೆಂಡತಿ ಹಿಂದಿರುಗಿದರೆ, ಕೆಲಸ ಸಿಕ್ಕಿದರೆ, ಮತ್ತೆ ನೂರರಿಂದಲೇ ಆರಂಭ, ಉಳಿತಾಯ ಸೊನ್ನೆ.

ಆಗ ನಾನು ಕೇಳುವುದು ನಿರ್ಧಾರ ಯಾರದೆಂದಲ್ಲ, ಅದನ್ನು ಬದಲಿಸಲು ಯಾರಿಗೆ ಎಷ್ಟು ಖರ್ಚಾಗುತ್ತದೆ ಎಂದು. ಮನೆಯಲ್ಲಿರುವ ಆಯ್ಕೆಗೆ ಸ್ತ್ರೀವಾದದ ತಕರಾರಿಲ್ಲ. ಇಬ್ಬರ ಒಪ್ಪಂದದ ನಷ್ಟವನ್ನು ಒಬ್ಬರೇ ಹೊರುವುದಕ್ಕೆ ತಕರಾರಿದೆ. ಉಳಿತಾಯ ಮತ್ತು ಆಸ್ತಿಯಲ್ಲಿ ಸಮಪಾಲು, ತಂದೆಗೂ ಶಿಶುಪಾಲನಾ ರಜೆ ಎಂಬ ಬೇಡಿಕೆಗಳು ಹುಟ್ಟುವುದು ಅಲ್ಲಿಂದಲೇ. ವಿವಾಹದಲ್ಲಿ ಆಸ್ತಿಯ ಒಡೆತನ ಮತ್ತು ನಿರ್ವಹಣೆಗೆ ಇಬ್ಬರಿಗೂ ಸಮಾನ ಹಕ್ಕಿರಬೇಕೆಂದು ಮಹಿಳೆಯರ ವಿರುದ್ಧದ ತಾರತಮ್ಯವನ್ನು ತೊಡೆಯುವ 1979ರ ವಿಶ್ವಸಂಸ್ಥೆಯ ಒಡಂಬಡಿಕೆಯ 16ನೆಯ ವಿಧಿ ಹೇಳುವುದನ್ನು ಈಗ, ಈ ಹಂತದಲ್ಲಿ ಮಾತ್ರ, ಎತ್ತುತ್ತೇನೆ.

ಮನೆಗೆಲಸದ ಗಂಟೆಗಳನ್ನು ಎಣಿಸುವ ಪ್ರಯೋಗವನ್ನೂ ಮಾಡಿದ್ದೆ; ಮಲಗಿದ ಮಗುವನ್ನು ಕಾಯುವುದು ಕೆಲಸವೇ, ಅಲ್ಲವೇ ಎಂಬ ಜಗಳದಲ್ಲಿಯೇ ಇಡೀ ದಿನ ಮುಗಿಯಿತು. ಇನ್ನೊಮ್ಮೆ ಕೆಲಸ ಬಿಟ್ಟವನು ಗಂಡನೆಂದು ಲೆಕ್ಕವನ್ನು ತಿರುಗಿಸಿದೆ. ಅಂಕಿಗಳು ಬದಲಾಗಲಿಲ್ಲ, ಆದರೆ ಅದುವರೆಗೆ ಸುಮ್ಮನಿದ್ದ ಗಂಡಸರು ಅವನಿಗೆ ರಕ್ಷಣೆ ಬೇಕೆಂದು ವಾದಿಸತೊಡಗಿದರು. ಪುರುಷದ್ವೇಷದ ಆರೋಪ ಆ ದಿನ ಬರಲೇ ಇಲ್ಲ. ಈ ತಿರುವನ್ನು ಯಾವ ಕ್ಷಣದಲ್ಲಿ ಕೊಡಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕಸುಬಿನ ಗುಟ್ಟು.

ಒಬ್ಬರ ದುಡಿಮೆ ಹೊಟ್ಟೆಗೆ ಸಾಲದ ಕುಟುಂಬಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಬಿಡುವ ಆಯ್ಕೆಯೇ ಇರುವುದಿಲ್ಲ. ಯಾರಾದರೂ ಊಹೆಯ ದಂಪತಿಯನ್ನು ಬಿಟ್ಟು ಪಕ್ಕದಲ್ಲಿ ಕುಳಿತ ಸಂಗಾತಿಯ ಸಂಬಳವನ್ನು ಹೇಳತೊಡಗಿದರೆ ನಾನು ಹಲಗೆಯನ್ನು ಒರೆಸಿಬಿಡುತ್ತೇನೆ.