ಬಣ್ಣ ನಿನ್ನೆಯ ಸಾಲಿಗೆ ಬಿದ್ದಿತ್ತು

ನಮ್ಮ ತಂಡದ ಪಾಳಿ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಡುವ ಕೆಲಸ ನನ್ನದು. ಜನವರಿ 1ರಿಂದ ಏಪ್ರಿಲ್ 30ರವರೆಗೆ 120 ದಿನ, ದಿನಕ್ಕೊಂದು ಸಾಲು. ಮೊದಲ ಸಾಲಿನಲ್ಲಿ ತಲೆಬರಹ, ಎರಡನೆಯದರಿಂದ ದಿನಾಂಕಗಳು. A ಕಾಲಂನಲ್ಲಿ ದಿನಾಂಕ, B ಯಲ್ಲಿ ವಾರ, C, D, E ಗಳಲ್ಲಿ ಮೂರು ಪಾಳಿಯವರ ಹೆಸರು, F ನಲ್ಲಿ ಟಿಪ್ಪಣಿ. ಹಾಳೆ ತೆರೆದವರೆಲ್ಲ ಇಂದಿನ ದಿನಾಂಕವನ್ನು ಹುಡುಕುತ್ತಾ ಮೇಲೆ ಕೆಳಗೆ ಓಡಾಡುವುದನ್ನು ನೋಡಿ, ಇಂದಿನ ಸಾಲು ತಾನಾಗಿಯೇ ಹಳದಿಯಾಗಲಿ ಎಂದುಕೊಂಡೆ.

Conditional Formatting ಪಟ್ಟಿಯಲ್ಲಿ ದಿನಾಂಕಕ್ಕೆಂದೇ ಸಿದ್ಧ ಆಯ್ಕೆಯೊಂದಿದೆ. ಅದರಲ್ಲಿ Today ಆರಿಸಿದರೆ ದಿನಾಂಕವಿರುವ ಕೋಶಕ್ಕೆ ಮಾತ್ರ ಬಣ್ಣ ಬರುತ್ತದೆ. ನನಗೆ ಬೇಕಿದ್ದದ್ದು ಇಡೀ ಸಾಲು. ಹೆಸರುಗಳು ಇರುವುದು ಅಲ್ಲಿ ತಾನೇ. ಹಾಗಾಗಿ New Rule ಒತ್ತಿ, Use a formula to determine which cells to format ಎಂಬುದನ್ನು ಆರಿಸಿ, ಸೂತ್ರ ಬರೆದೆ:

```
=A2=TODAY()
```

ಆಗಲೂ ಬಣ್ಣ ಬಂದದ್ದು A ಕಾಲಂನ ಒಂದೇ ಕೋಶಕ್ಕೆ. ಕಾರಣ ಸರಳ. ಈ ಸೂತ್ರ ಒಂದು ಕಡೆ ಕುಳಿತು ಇಡೀ ಸಾಲನ್ನು ನೋಡುವುದಿಲ್ಲ. ಪ್ರತಿ ಕೋಶವೂ ತನ್ನದೇ ಒಂದು ಪ್ರತಿಯನ್ನು ಇಟ್ಟುಕೊಂಡು ತನ್ನನ್ನೇ ಕೇಳಿಕೊಳ್ಳುತ್ತದೆ. B2 ಕೋಶಕ್ಕೆ ಬಂದಾಗ A2 ಎಂಬುದು B2 ಆಗಿಬಿಡುತ್ತದೆ, C2 ಗೆ ಬಂದಾಗ C2. ವಾರದ ಹೆಸರು, ಮನುಷ್ಯರ ಹೆಸರು ಯಾವತ್ತಾದರೂ ಇಂದಿನ ದಿನಾಂಕಕ್ಕೆ ಸಮವಾಗುವುದುಂಟೇ? ಎಲ್ಲ ಕೋಶಗಳೂ A ಕಡೆಗೇ ನೋಡಬೇಕು, ಆದರೆ ತಮ್ಮ ತಮ್ಮ ಸಾಲಿನ A ಯನ್ನು. ಅಂದರೆ ಅಕ್ಷರದ ಮುಂದೆ ಡಾಲರ್ ಚಿಹ್ನೆ ಬೇಕು, ಅಂಕಿಯ ಮುಂದೆ ಕೂಡದು:

```
=$A2=TODAY()
```

ಎರಡೂ ಕಡೆ ಹಾಕಿ $A$2 ಎಂದು ಬರೆದರೆ ಎಲ್ಲ ಸಾಲುಗಳೂ ಜನವರಿ 1ನ್ನೇ ದಿಟ್ಟಿಸುತ್ತಾ ಕೂರುತ್ತವೆ. ಆ ಒಂದು ದಿನ ಹಾಳೆಯೆಲ್ಲ ಹಳದಿ, ಉಳಿದ ದಿನ ಬರಿದು.

ಇಷ್ಟು ತಿಳಿದ ಮೇಲೂ ನಾನು ಎಡವಿದೆ. ಮುಂದೆ ಸಾಲು ಹೆಚ್ಚಾದರೂ ತೊಂದರೆಯಿಲ್ಲದಿರಲಿ ಎಂದು A ಯಿಂದ F ವರೆಗಿನ ಕಾಲಂಗಳನ್ನು ಪೂರ್ತಿಯಾಗಿ ಆಯ್ದು ಸೂತ್ರ ಹಾಕಿದ್ದೆ. ಒಂದು ಸಾಲು ಹಳದಿಯಾಯಿತು, ನಾನು ಹಾಳೆ ಮುಚ್ಚಿದೆ. ಮರುದಿನ ಸಹೋದ್ಯೋಗಿಯೊಬ್ಬರು ತಮ್ಮದಲ್ಲದ ಬೆಳಗಿನ ಪಾಳಿಗೆ ಬಂದು ನಿಂತಿದ್ದರು. ಅವರು ಹಳದಿ ಸಾಲನ್ನು ಓದಿದ್ದರು, ಅದು ನಿನ್ನೆಯದಾಗಿತ್ತು. ಬಣ್ಣ ಬಂದ ಮೇಲೆ ದಿನಾಂಕವನ್ನು ಓದುವವರು ಯಾರೂ ಇಲ್ಲ ಎಂಬುದು ನನಗೆ ಅಂದು ಗೊತ್ತಾಯಿತು.

ಆದದ್ದು ಇಷ್ಟೇ. ಪೂರ್ತಿ ಕಾಲಂ ಆಯ್ದಾಗ ವ್ಯಾಪ್ತಿಯ ಮೊದಲ ಕೋಶ A1. ನಾನು ಬರೆದ $A2 ಅದಕ್ಕೆ ‘ನನ್ನ ಕೆಳಗಿನ ಸಾಲು’ ಎಂದಾಯಿತು. ಪ್ರತಿ ಸಾಲೂ ತನ್ನ ಕೆಳಗಿನ ಸಾಲಿನ ದಿನಾಂಕವನ್ನು ನೋಡಿ, ಅದು ಇಂದಿನದಾದರೆ ತಾನು ಹಳದಿಯಾಗುತ್ತಿತ್ತು. ಸೂತ್ರದ ಅಂಕಿ ಹೊಂದಬೇಕಾದದ್ದು ಆಯ್ಕೆ ಮಾಡುವಾಗ ಚುರುಕಾಗಿರುವ ಕೋಶಕ್ಕೆ, ಅಂದರೆ ಆಯ್ಕೆಯ ನಡುವೆ ಬಿಳಿಯಾಗಿ ಉಳಿಯುವ ಆ ಒಂದು ಕೋಶಕ್ಕೆ. ಕೆಳಗಿನಿಂದ ಮೇಲಕ್ಕೆ ಎಳೆದು ಆಯ್ದವರಿಗೆ ಚುರುಕು ಕೋಶ ಕೆಳಗೇ ಉಳಿದಿರುತ್ತದೆ, ಅವರ ಬಣ್ಣ ಇನ್ನೂ ವಿಚಿತ್ರ ಜಾಗಕ್ಕೆ ಹೋಗುತ್ತದೆ.

ಹಳೆಯ ನಿಯಮವನ್ನು ತಿದ್ದುವ ಗೋಜಿಗೆ ಹೋಗದೆ ಅಳಿಸಿಬಿಟ್ಟೆ. ಈಗ ಮೌಸ್‌ನಿಂದ ಎಳೆಯುವುದೇ ಇಲ್ಲ. ಸೂತ್ರಪಟ್ಟಿಯ ಎಡಗಡೆ ಕೋಶದ ಹೆಸರು ಕಾಣುವ ಚೌಕದಲ್ಲಿ A2:F121 ಎಂದು ಬರೆದು Enter ಒತ್ತುತ್ತೇನೆ. ಅಷ್ಟೂ ಆಯ್ಕೆಯಾಗುತ್ತದೆ, ಚುರುಕು ಕೋಶ A2 ಆಗಿರುತ್ತದೆ. ಆಮೇಲೆ ನಿಯಮ. ನಿಯಮದ ಚೌಕದಲ್ಲಿ ಸೂತ್ರವನ್ನು ತಿದ್ದಲು ಬಾಣದ ಕೀಲಿ ಒತ್ತಿದರೆ ಅದು ಕರ್ಸರ್ ಸರಿಸುವ ಬದಲು ಯಾವುದೋ ಕೋಶದ ವಿಳಾಸವನ್ನು ತುರುಕುತ್ತದೆ. ಮೊದಲು F2 ಒತ್ತಿದರೆ ಆ ಕಾಟ ಇಲ್ಲ.

ಫೆಬ್ರುವರಿ ನಡುವೆ ಒಂದು ದಿನ ಯಾವ ಸಾಲಿಗೂ ಬಣ್ಣವಿರಲಿಲ್ಲ. ಖಾಲಿ ಕಾಲಂ ಒಂದರಲ್ಲಿ, ಎರಡನೆಯ ಸಾಲಿನಿಂದ ಕೆಳಕ್ಕೆ ಅದೇ =$A2=TODAY() ಸೂತ್ರವನ್ನು ಎಳೆದು ನೋಡಿದೆ. ಎಲ್ಲೆಡೆ FALSE. ತಪ್ಪು ನಿಯಮದಲ್ಲಿಲ್ಲ, ದಿನಾಂಕದಲ್ಲಿದೆ ಎಂದಾಯಿತು. ಪಕ್ಕದಲ್ಲಿ =ISNUMBER(A2) ಎಳೆದಾಗ ಏಳು ಸಾಲುಗಳು ಸಿಕ್ಕಿಬಿದ್ದವು. ಯಾರೋ ಆ ವಾರವನ್ನು ಬೇರೆ ಕಡೆಯಿಂದ ತಂದು ಅಂಟಿಸಿದ್ದರು, ದಿನ ತಿಂಗಳುಗಳ ನಡುವೆ ಚುಕ್ಕೆ ಇತ್ತು. ಎಕ್ಸೆಲ್‌ಗೆ ದಿನಾಂಕವೆಂದರೆ ಒಂದು ಸಂಖ್ಯೆ. 2025ರ ಜನವರಿ 1 ಎಂದರೆ ಅದಕ್ಕೆ 45658. ಚುಕ್ಕೆಯ ದಿನಾಂಕಗಳನ್ನು ನಮ್ಮ ಕಂಪ್ಯೂಟರ್ ಬರೀ ಅಕ್ಷರವೆಂದು ಇಟ್ಟುಕೊಂಡಿತ್ತು. ಅಕ್ಷರವಾದರೆ ಸಾಮಾನ್ಯವಾಗಿ ಎಡಕ್ಕೆ ಸರಿದು ನಿಂತು ಗುಟ್ಟು ಬಿಟ್ಟುಕೊಡುತ್ತದೆ, ಆದರೆ ಅಂದವಾಗಿರಲಿ ಎಂದು ನಾನೇ ಎಲ್ಲವನ್ನೂ ನಡುವಿಗೆ ಜೋಡಿಸಿದ್ದೆ. ಆ ಏಳು ಕೋಶಗಳನ್ನು ಆಯ್ದು, Data ಪಟ್ಟಿಯ Text to Columns ನಲ್ಲಿ ಮೂರನೆಯ ಹಂತದವರೆಗೆ ಹೋಗಿ, Date ಎದುರು DMY ಆರಿಸಿದಾಗ ಸರಿಹೋದವು.

ರಾತ್ರಿ ಪಾಳಿಯವರ ತಕರಾರು ಮಾತ್ರ ನ್ಯಾಯವಾದದ್ದಾಗಿತ್ತು. ಅವರ ಪಾಳಿ ರಾತ್ರಿ 10ಕ್ಕೆ ಶುರುವಾಗಿ ಬೆಳಗ್ಗೆ 6ಕ್ಕೆ ಮುಗಿಯುತ್ತದೆ. ನಡುರಾತ್ರಿ ದಾಟಿದೊಡನೆ TODAY() ಮುಂದಿನ ದಿನಕ್ಕೆ ಜಿಗಿಯುತ್ತದೆ. ಕೆಲಸದಲ್ಲಿರುವವರ ಹೆಸರು ಬಿಳಿ ಸಾಲಿನಲ್ಲಿ, ಮುಂದಿನ ರಾತ್ರಿ ಬರಬೇಕಾದವರ ಹೆಸರು ಹಳದಿ ಸಾಲಿನಲ್ಲಿ. ನಮ್ಮ ದಿನ ಶುರುವಾಗುವುದು 6 ಗಂಟೆಗೆ, ಪಂಚಾಂಗದಂತೆ ಬೆಳಗಿನಿಂದ ಬೆಳಗಿಗೆ. ಅದನ್ನೇ ಸೂತ್ರಕ್ಕೆ ಹೇಳಿದೆ:

```
=$A2=INT(NOW()-6/24)
```

NOW() ಗಂಟೆಯನ್ನೂ ಸೇರಿಸಿ ಕೊಡುತ್ತದೆ, ಗಂಟೆ ಎಂದರೆ ದಿನದ ಒಂದು ಭಾಗ, ಆದ್ದರಿಂದ 6 ಗಂಟೆ ಎಂದರೆ 6/24. 14ನೇ ತಾರೀಖಿನ ನಸುಕಿನ 2 ಗಂಟೆಯಿಂದ 6 ಗಂಟೆ ಕಳೆದರೆ 13ರ ರಾತ್ರಿ 8. INT ಆ 8 ಗಂಟೆಯನ್ನು ಕತ್ತರಿಸಿ 13 ಅನ್ನು ಉಳಿಸುತ್ತದೆ, ಹಳದಿ 13ರ ಸಾಲಿನಲ್ಲೇ ನಿಲ್ಲುತ್ತದೆ. A ಕಾಲಂನಲ್ಲಿಯೇ ಗಂಟೆ ಸೇರಿದ ದಿನಾಂಕಗಳಿದ್ದರೆ ಅತ್ತ ಕಡೆಗೂ INT($A2) ಎಂದು ಹಾಕಬೇಕು, ಇಲ್ಲದಿದ್ದರೆ ಎಂದಿಗೂ ಸಮವಾಗುವುದಿಲ್ಲ.

ಒಂದು ಮಿತಿಯನ್ನು ಮೀರಲು ಆಗಲಿಲ್ಲ, ನಾನು ಪಟ್ಟು ಹಿಡಿಯಲೂ ಇಲ್ಲ. TODAY(), NOW() ಎರಡೂ ಗಡಿಯಾರದಂತೆ ತಾವೇ ನಡೆಯುವುದಿಲ್ಲ. ಹಾಳೆ ತೆರೆದಾಗ, ಯಾವುದಾದರೂ ಕೋಶ ತುಂಬಿದಾಗ ಅಥವಾ F9 ಒತ್ತಿದಾಗ ಮಾತ್ರ ಮತ್ತೆ ಲೆಕ್ಕ ಹಾಕುತ್ತವೆ. ನಮ್ಮ ಕೋಣೆಯ ಪರದೆಯಲ್ಲಿ ಹಾಳೆ ರಾತ್ರಿಯಿಡೀ ತೆರೆದೇ ಇರುತ್ತದೆ, 6 ಹೊಡೆದರೂ ಹಳದಿ ಕದಲುವುದಿಲ್ಲ. ರಾತ್ರಿಯವರು ಹೊರಡುವ ಮುನ್ನ F ಕಾಲಂನಲ್ಲಿ ‘ಒಪ್ಪಿಸಿದೆ’ ಎಂದು ಬರೆಯುವ ರೂಢಿ ಮೊದಲಿನಿಂದಲೂ ಇತ್ತು. ಅದನ್ನು 6 ಗಂಟೆ ಕಳೆದ ಮೇಲೆ ಬರೆಯಿರಿ ಎಂದು ಕೇಳಿಕೊಂಡೆ. ಅವರು ಬರೆದು Enter ಒತ್ತಿದೊಡನೆ ಹಳದಿ ಒಂದು ಸಾಲು ಕೆಳಗಿಳಿಯುತ್ತದೆ.