ಸಹಿಯನ್ನು ಹಿಂದಕ್ಕೆ ಪಡೆದ ಮೇಲೆ

ಅಪಾಯ ನಿರ್ವಹಣಾ ವಿಭಾಗದ ಹೊಣೆ ಹೊತ್ತ ಮೊದಲ ವರ್ಷ, ಸರಬರಾಜುದಾರರ ಬ್ಯಾಂಕ್ ಖಾತೆ ಬದಲಿಸುವ ಪ್ರತಿ ಅರ್ಜಿಗೂ ನಾನು ಸಹಿ ಹಾಕುತ್ತಿದ್ದೆ. ಒಮ್ಮೆ ನಕಲಿ ಇಮೇಲ್ ನಂಬಿ ಖಾತೆ ಬದಲಾಯಿತು. ಒಂದು ತಿಂಗಳ ಬಿಲ್ಲಿನ ಹಣ ವಂಚಕರ ಪಾಲಾಯಿತು.

"ಸರಬರಾಜುದಾರರಿಗೆ ಫೋನ್ ಮಾಡಿ ವಿಚಾರಿಸಿದಿರಾ?" ಎಂದು ಪಾವತಿ ವಿಭಾಗದ ವ್ಯವಸ್ಥಾಪಕರನ್ನು ಕೇಳಿದೆ.

"ನಿಮ್ಮ ಸಹಿ ಇತ್ತಲ್ಲ ಸಾರ್, ನೀವು ನೋಡಿರುತ್ತೀರಿ ಎಂದುಕೊಂಡೆ" ಎಂದರು.

ಅವರು ಫೋನ್ ಮಾಡಿರುತ್ತಾರೆಂದು ನಂಬಿಯೇ ನಾನು ಸಹಿ ಹಾಕಿದ್ದೆ. ಕಡತ ತೆಗೆದು ನೋಡಿದರೆ, ವರ್ಷವಿಡೀ ನಾನು ಒಂದು ಅರ್ಜಿಯನ್ನೂ ವಾಪಸು ಕಳಿಸಿರಲಿಲ್ಲ. ಯಾವುದನ್ನೂ ತಡೆಯದ ಸಹಿಯ ಹಿಂದೆ ಪರಿಶೀಲನೆ ನಡೆದಿಲ್ಲವೇನೋ ಎಂದು ಅಂದಿನಿಂದ ಅನುಮಾನಿಸುತ್ತೇನೆ.

'ರಕ್ಷಣೆಯ ಮೂರು ಸಾಲುಗಳು' ಎಂಬ ಮಾದರಿಯಲ್ಲಿ ಕೆಲಸ ಮಾಡುವ ವಿಭಾಗ ಮೊದಲ ಸಾಲು, ಅದರ ಅಪಾಯಗಳ ಮೇಲೆ ಕಣ್ಣಿಡುವ ನಮ್ಮಂಥ ವಿಭಾಗ ಎರಡನೆಯದು, ಸ್ವತಂತ್ರವಾಗಿ ಪರಿಶೀಲಿಸುವ ಆಂತರಿಕ ಲೆಕ್ಕಪರಿಶೋಧನೆ ಮೂರನೆಯದು. ಇವನ್ನು ನಾವು ಒಂದರ ಹಿಂದೆ ಒಂದು ಕಟ್ಟಿದ ಕೋಟೆಗೋಡೆಗಳಂತೆ ಓದಿಕೊಂಡಿದ್ದೆವು: ಮೊದಲನೆಯದು ಬಿದ್ದರೆ ಎರಡನೆಯದು ತಡೆಯುತ್ತದೆ ಎಂದು. ಆಂತರಿಕ ಲೆಕ್ಕಪರಿಶೋಧಕರ ಅಂತರರಾಷ್ಟ್ರೀಯ ಸಂಸ್ಥೆ 2020ರಲ್ಲಿ ಈ ಮಾದರಿಯನ್ನು ಪರಿಷ್ಕರಿಸಿದಾಗ ಹೆಸರಿನಿಂದ 'ರಕ್ಷಣೆ' ಎಂಬ ಪದವನ್ನೇ ಕೈಬಿಟ್ಟಿತು. ಮೂರೂ ಪಾತ್ರಗಳು ಏಕಕಾಲಕ್ಕೆ ನಡೆಯುವಂಥವು, ಸರದಿ ಕಾಯುವಂಥವಲ್ಲ.

ಮೊದಲು ನನ್ನ ಸಹಿಯನ್ನು ತೆಗೆದೆ. ಅರ್ಜಿಯ ತೀರ್ಮಾನ ಪಾವತಿ ವಿಭಾಗದ್ದು. ಇಮೇಲ್‌ನಲ್ಲಿ ಬಂದ ಸಂಖ್ಯೆಗಲ್ಲ, ನಮ್ಮ ಕಡತದಲ್ಲಿ ಮೊದಲೇ ಇದ್ದ ಸಂಖ್ಯೆಗೆ ಅವರು ಫೋನ್ ಮಾಡಬೇಕು; ಯಾರೊಂದಿಗೆ, ಯಾವಾಗ ಮಾತನಾಡಿದರೆಂದು ಬರೆದಿಡಬೇಕು. ನಷ್ಟವಾದರೆ ಅದು ಅವರ ವಿಭಾಗದ ಲೆಕ್ಕಕ್ಕೇ ಬೀಳುತ್ತದೆ. ವ್ಯವಸ್ಥಾಪಕರು ಇದನ್ನು ಬಲವಾಗಿ ವಿರೋಧಿಸಿದರು. ಆದರೆ ಒಪ್ಪಿದ ಮರುವಾರವೇ ಎರಡು ಅರ್ಜಿಗಳನ್ನು ತಡೆದರು.

ನಿಯಮ ಬರೆಯುವುದು, ಸಿಬ್ಬಂದಿಗೆ ತರಬೇತಿ ಕೊಡುವುದು, ತಿಂಗಳಿಗೆ ಇಪ್ಪತ್ತೈದು ಬದಲಾವಣೆಗಳನ್ನು ಆರಿಸಿ ಫೋನ್ ದಾಖಲೆ ನೋಡುವುದು, ಲೋಪ ಕಂಡರೆ ಪಾವತಿ ವಿಭಾಗದ ಮೇಲಿನವರಿಗೂ ತಿಳಿಸುವುದು ನಮ್ಮ ಪಾಲಿಗೆ ಉಳಿಯಿತು.

ತೊಡಕು ಬಂದದ್ದು ಆಂತರಿಕ ಲೆಕ್ಕಪರಿಶೋಧನೆಯಲ್ಲಿ. ಹೊಸ ತಪಾಸಣಾ ಪಟ್ಟಿಯನ್ನು ರೂಪಿಸಲು ಅಲ್ಲಿಂದ ಒಬ್ಬರನ್ನು ಎರವಲು ಪಡೆದಿದ್ದೆ. ಆ ವಿಭಾಗದ ಮುಖ್ಯಸ್ಥೆ ನನ್ನನ್ನು ಕರೆಸಿ, ಸಲಹೆ ಕೊಡುವುದಕ್ಕೆ ತಮ್ಮ ಅಡ್ಡಿಯಿಲ್ಲ, ಆದರೆ ಪಟ್ಟಿಯನ್ನು ಬರೆದು ಜಾರಿಗೆ ತಂದವರು ಕನಿಷ್ಠ ಹನ್ನೆರಡು ತಿಂಗಳು ಅದನ್ನು ಪರಿಶೋಧಿಸುವಂತಿಲ್ಲ ಎಂದರು. ಪರಿಶೋಧನೆಗೆ ಬೇರೊಬ್ಬರನ್ನು ನೇಮಿಸಿದರು. ಅವರ ವರದಿ ನಮ್ಮಿಬ್ಬರ ಮೇಲಧಿಕಾರಿಗೆ ಮಾತ್ರವಲ್ಲದೆ ನೇರವಾಗಿ ಆಡಳಿತ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಗೆ ಹೋಯಿತು.

ಅದರ ಮೊದಲ ಆಕ್ಷೇಪ ಪಾವತಿ ವಿಭಾಗದ ಮೇಲಿರಲಿಲ್ಲ, ನಮ್ಮ ಮೇಲಿತ್ತು. ನಾವು ದೊಡ್ಡ ಮೊತ್ತದ ಬಿಲ್ಲುಗಳನ್ನಷ್ಟೇ ಆರಿಸುತ್ತಿದ್ದೆವು. ಸಣ್ಣ ಸರಬರಾಜುದಾರರ ಹಲವು ಬದಲಾವಣೆಗಳಿಗೆ ಫೋನ್ ದಾಖಲೆಯೇ ಇರಲಿಲ್ಲ. ಅದರ ಮುಂದಿನ ತಿಂಗಳಿನಿಂದ ಆಯ್ಕೆಯನ್ನು ಮೊತ್ತ ನೋಡದೆ ಮಾಡುತ್ತಿದ್ದೇವೆ.