ಪ್ಯಾಚ್ ಟೆಸ್ಟ್ ಫಾರಂನಲ್ಲಿ ಸಹಿಗೆ ಎರಡು ಜಾಗ ಬಿಡಿ

ಹೇರ್ ಡೈ ಪ್ಯಾಚ್ ಟೆಸ್ಟ್ ಫಾರಂನಲ್ಲಿ ಒಂದೇ ಸಹಿ ಸಾಲದು. ಟೆಸ್ಟ್‌ಗೆಂದು ಚರ್ಮಕ್ಕೆ ಬಣ್ಣ ಹಚ್ಚಿದ ದಿನ ಗ್ರಾಹಕರಿಂದ ಒಂದು, 48 ಗಂಟೆ ಕಳೆದು ಚರ್ಮ ನೋಡಿದ ಮೇಲೆ ಇನ್ನೊಂದು ಸಹಿ ಹಾಕಿಸಿ. ಎರಡರ ಪಕ್ಕದಲ್ಲೂ ತಾರೀಕು, ಸಮಯ ಇರಲಿ. ಡೈಯಲ್ಲಿರುವ ಪಿಪಿಡಿಯಂಥ ರಾಸಾಯನಿಕದ ಅಲರ್ಜಿ ತಕ್ಷಣ ಕಾಣುವುದಿಲ್ಲ, ಒಂದೆರಡು ದಿನ ಬಿಟ್ಟು ತುರಿಕೆ, ಕೆಂಪು, ಊತ ಶುರುವಾಗುತ್ತದೆ. ಹಚ್ಚಿದಾಗಲೇ ಹಾಕಿದ ಸಹಿ ಟೆಸ್ಟ್ ಮಾಡಿದ್ದಕ್ಕೆ ಸಾಕ್ಷಿ, ಫಲಿತಾಂಶಕ್ಕಲ್ಲ ಅಲ್ವಾ? ಎರಡನೇ ಸಹಿಯ ಜಾಗ ಖಾಲಿ ಇದ್ದರೆ ಬಣ್ಣ ಕಲಸಲೇಬೇಡಿ. ಸುಮ್ನೆ ‘ಟೆಸ್ಟ್ ಆಗಿದೆ’ ಎಂದು ಬರೆಯುವ ಬದಲು ಬ್ರ್ಯಾಂಡ್, ಶೇಡ್ ನಂಬರ್, ಬ್ಯಾಚ್ ನಂಬರ್, ಹಚ್ಚಿದ ಜಾಗ (ಬಲ ಕಿವಿಯ ಹಿಂದೆ, ಹೀಗೆ) ಬರೆಯಿರಿ. ಮಾರ್ಚ್‌ನಲ್ಲಿ ತಿಳಿ ಕಂದು ಬಣ್ಣಕ್ಕೆ ಟೆಸ್ಟ್ ಮಾಡಿಸಿಕೊಂಡವರು ಜೂನ್‌ನಲ್ಲಿ ಕಡು ಕಪ್ಪು ಕೇಳಿದರೆ ಹಳೇ ಟೆಸ್ಟ್ ನಡೆಯುವುದಿಲ್ಲ ಎಂದು ಫಾರಂ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಡು ಬಣ್ಣಗಳಲ್ಲಿ ಪಿಪಿಡಿ ಸಾಮಾನ್ಯವಾಗಿ ಜಾಸ್ತಿ. ಆದರೆ ಟೆಸ್ಟ್ ಸರಿ ಬಂದರೂ ಅದು ಗ್ಯಾರಂಟಿ ಅಲ್ಲ. ವರ್ಷಗಟ್ಟಲೆ ಡೈ ಹಚ್ಚಿದವರಿಗೂ ಹೊಸದಾಗಿ ಅಲರ್ಜಿ ಬರಬಹುದು. ಅದಕ್ಕೇ ಪ್ರತಿ ಸಲ ಎರಡು ಪ್ರಶ್ನೆ ಕೇಳಿ, ಉತ್ತರ ಬರೆದಿಡಿ: ಕಳೆದ ಸಲ ತುರಿಸಿತ್ತಾ? ಯಾವತ್ತಾದರೂ ಕಪ್ಪು ಮೆಹೆಂದಿ ಟ್ಯಾಟೂ ಹಾಕಿಸಿದ್ದೀರಾ? ಅದರಲ್ಲೂ ಪಿಪಿಡಿ ಬೆರೆಸಿರುತ್ತಾರೆ. ಹಿಂದೆ ಡೈಯಿಂದ ಮುಖ ಊದಿಕೊಂಡಿದ್ದರೆ ಟೆಸ್ಟ್ ಕೂಡ ಬೇಡ, ನೇರ ಚರ್ಮದ ಡಾಕ್ಟರ ಹತ್ತಿರ ಕಳಿಸಿ. ಸಹಿ ಇದೆ ಎಂದು ಅಲರ್ಜಿ ಸುಮ್ಮನಿರುವುದಿಲ್ಲ.